ನಾಟಕ ಕಂಪನಿ ಮ್ಯಾನೇಜರನ ಬಯೋಡಾಟಾ

ದುಂಡಸಿಯ ಫಕ್ಕೀರೇಶ ತನ್ನ ಬಯೋಡಾಟಾವನ್ನು ತಾನೇ ಬರೆದ. ಅದೇನು ದೊಡ್ಡ ಮಾತು, ವರ್ಷಾನುಗಟ್ಟಲೆ ನಾಟಕದ ಹ್ಯಾಂಡ್‌ಬಿಲ್ ಬರೆದ ಕೈ ಅದು. ಆ ಕೈಗೆ ಒಂದು ಚಟ ಅಂಟಿಕೊಂಡಿದೆ ಎಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ.

ಶಿಗ್ಗಾವಿಯಲ್ಲಿ ಝೆರಾಕ್ಸ್ ಅಂಗಡಿಯ ಮೇಲಿನ ಮಾಳಿಗೆಯಲ್ಲಿ ಒಂದು ಉದ್ಯೋಗ ಮಾರ್ಗದರ್ಶನ ಕೇಂದ್ರವಿದೆ. ಅಲ್ಲಿ ಸಮತಾ ಎಂಬ ಹೆಣ್ಣುಮಗಳು ಕೂಡ್ರುತ್ತಾಳೆ. ಹುಬ್ಬಳ್ಳಿಯ ಕಾರ್ಖಾನೆಯೊಂದರಲ್ಲಿ ನೌಕರರನ್ನು ಆರಿಸುವ ವಿಭಾಗದಲ್ಲಿ ಎಂಟು ವರ್ಷ ದುಡಿದು, ಮದುವೆಯಾಗಿ ಶಿಗ್ಗಾವಿಗೆ ಬಂದವಳು. ಬಯೋಡಾಟಾ ಓದುವುದರಲ್ಲಿ ಅವಳ ಕಣ್ಣು ಅಕ್ಕಿಯಲ್ಲಿ ಹರಳು ಆರಿಸುವವರ ಕಣ್ಣು. ಅಂಥವಳು ಫಕ್ಕೀರೇಶನ ಹಾಳೆಯನ್ನು ಅರ್ಧ ಓದುವಷ್ಟರಲ್ಲಿ ಸೆರಗಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದಳು.

ಹಾಳೆಯಲ್ಲಿ ಇದ್ದದ್ದು ಹೀಗೆ: ‘ಕಲಾರಸಿಕರ ಹೃದಯ ಸಿಂಹಾಸನದಲ್ಲಿ ವಿರಾಜಮಾನವಾಗಿ, ನಗೆಯ ಹೊಳೆ ಹರಿಸಿ, ಕಣ್ಣೀರಿನ ಕೋಡಿ ಒಡೆಸಿದ, ದುಂಡಸಿಯ ಸುವರ್ಣ ಶಾರದಾ ನಾಟ್ಯ ಸಂಘ!’ ಅದರ ಕೆಳಗೆ ನಾಯಕ ನಟನ ಹೆಸರು, ಖಳನಾಯಕನ ಹೆಸರು, ‘ತಾಯಿ ಪಾತ್ರಕ್ಕೆ ಜೀವ ತುಂಬುವ ಜನ್ನತಬಿ’, ಹಾಸ್ಯದವರು, ಹಾರ್ಮೋನಿಯಂ, ತಬಲಾ, ಲೈಟಿನವರು. ಎಲ್ಲರೂ ಆದ ಮೇಲೆ ಹಾಳೆಯ ಬುಡದಲ್ಲಿ, ಜಾಗ ಸಾಲದೆ ಇರುಕಿಸಿದ ಹಾಗೆ, ‘ವ್ಯವಸ್ಥಾಪಕ: ಫಕ್ಕೀರೇಶ’.

“ಅಣ್ಣಾರ,” ಎಂದಳು ಸಮತಾ, “ಇದನ್ನ ಓದಿದ್ರ ಈಗಿಂದೀಗ ಟಿಕೀಟ ತಗೊಂಡು ಒಳಗ ಹೋಗ್ಬೇಕು ಅನ್ನಸ್ತೈತಿ. ಆದ್ರ ಕೆಲಸ ಬೇಕಾಗಿದ್ದು ಯಾರಿಗ್ರಿ? ನಿಮಗೋ, ಹಾರ್ಮೋನಿಯಂದವ್ರಿಗೋ?”

“ನನಗರಿ ಮೇಡಮ್ಮಾರ.”

“ಮತ್ತ ನೀವು ಎಲ್ಲಿ ಅದೀರಿ ಇದರಾಗ?”

ಫಕ್ಕೀರೇಶ ಹಾಳೆಯ ಬುಡ ತೋರಿಸಿದ. “ಕಂಪನಿ ಪದ್ಧತಿ ಹಂಗ ಐತ್ರಿ. ಬಣ್ಣ ಹಚ್ಚಿದವ್ರು ಮ್ಯಾಲ, ಮ್ಯಾನೇಜರ್ ತಳಕ್ಕ. ಮಂದಿ ಮ್ಯಾನೇಜರನ್ನ ನೋಡಾಕ ಬರಂಗಿಲ್ಲಲ್ರಿ.”

ಈ ಸಲ ಕೆಲಸ ಕೊಡುವವರು ಮ್ಯಾನೇಜರನನ್ನೇ ನೋಡುವವರಿದ್ದರು. ಹಾನಗಲ್ಲಿನ ಒಂದು ಆರೋಗ್ಯ ಟ್ರಸ್ಟಿನವರು ಹಳ್ಳಿಹಳ್ಳಿಗೆ ವ್ಯಾನು ಕಳಿಸಿ ಕಣ್ಣು, ಬಿಪಿ, ಸಕ್ಕರೆ ಕಾಯಿಲೆ ತಪಾಸಣೆಯ ಶಿಬಿರ ನಡೆಸುತ್ತಿದ್ದರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕಿಗೆ ಅವರಿಗೊಬ್ಬ ಶಿಬಿರ ಸಂಯೋಜಕ ಬೇಕಾಗಿದ್ದ. ಡಿಗ್ರಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಅನುಭವ ನೋಡುತ್ತೇವೆ ಎಂದಿದ್ದರು. ಅರ್ಜಿಗೆ ಅವತ್ತೇ ಕಡೆಯ ದಿನ. ಫಕ್ಕೀರೇಶನಿಗೆ ನಲವತ್ತಾರು ವಯಸ್ಸು. ಪಿಯುಸಿ ಪಾಸು. ಶಿಗ್ಗಾವಿಯ ಶಾಮಿಯಾನ ಅಂಗಡಿಯಲ್ಲಿ ಕಂಬ ಎಣಿಸಿ ಕೊಡುವ, ಆಟೋದಲ್ಲಿ ಕೂತು ಮೈಕಿನಲ್ಲಿ ಕೂಗುವ ಕೆಲಸ ಮಾಡಿಕೊಂಡಿದ್ದ. ಹೆಂಡತಿ ವಿದ್ಯಾ ಹೊಲಿಗೆ ಮಾಡುತ್ತಿದ್ದಳು. ಈ ಕೆಲಸ ಸಿಕ್ಕರೆ ಮತ್ತೆ ಒಂದು ತಂಡ ಕಟ್ಟಿಕೊಂಡು ಊರೂರು ತಿರುಗಬಹುದು ಎಂಬ ಆಸೆ ಅವನಿಗೆ. ಸಂಬಳದ ಆಸೆಗಿಂತ ಇದು ಒಂದು ಗುಂಜಿ ಹೆಚ್ಚೇ ಇತ್ತು. ಆದರೆ ಅದನ್ನು ಅವನು ವಿದ್ಯಾಳಿಗೂ ಹೇಳಿರಲಿಲ್ಲ.

ಸಮತಾ ಕಂಪ್ಯೂಟರಿನಲ್ಲಿ ಹೊಸ ಹಾಳೆ ತೆಗೆದು, ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಫಕ್ಕೀರೇಶನ ಹೆಸರು ಹೊಡೆದಳು. ಅವನಿಗೆ ಮೈ ಒಂಥರಾ ಆಯಿತು. ಇಷ್ಟು ವರ್ಷದಲ್ಲಿ ಅವನ ಹೆಸರು ಯಾವ ಕಾಗದದಲ್ಲೂ ಅಷ್ಟು ಎತ್ತರಕ್ಕೆ ಏರಿರಲಿಲ್ಲ. ಬಳಿಕ ಅವಳು ಅವನು ಬರೆದುಕೊಂಡು ಬಂದಿದ್ದ ಜಾತಿ, ರಾಶಿ, ಎತ್ತರ, ತಂದೆಯ ಉದ್ಯೋಗ ಎಲ್ಲವನ್ನೂ ತೆಗೆದು ಹಾಕಿದಳು. “ಇವು ಕನ್ಯಾ ನೋಡಾಕ ಹೋದಾಗ ಬೇಕ್ರಿ, ಕೆಲಸಕ್ಕ ಬ್ಯಾಡ.”

“ಈಗ ಹೇಳ್ರಿ. ಒಂದು ಊರಿಗೆ ಕಂಪನಿ ಬರ್ತೈತಿ ಅಂದ್ರ ನೀವು ಏನೇನ ಮಾಡ್ತಿದ್ರಿ? ಕಂಪನಿ ಏನ ಮಾಡ್ತಿತ್ತು ಅಂತ ಅಲ್ಲ. ನೀವು.”

ಅಷ್ಟು ಕೇಳಿದ್ದೇ ತಡ, ಫಕ್ಕೀರೇಶ ಕುರ್ಚಿಯಲ್ಲಿ ಮುಂದಕ್ಕೆ ಸರಿದು ಕೂತ. ಮೊದಲು ತಾನೊಬ್ಬನೇ ಬಸ್ಸು ಹತ್ತಿ ಹೋಗಿ ಜಾಗ ನೋಡುತ್ತಿದ್ದೆ ಎಂದ. ನೀರು ನಿಲ್ಲಬಾರದು, ಬಸ್‌ಸ್ಟ್ಯಾಂಡಿಗೆ ಹತ್ತಿರ ಇರಬೇಕು, ಹೆಣ್ಣುಮಕ್ಕಳು ಮನೆಗೆ ಹೋಗುವ ದಾರಿಯಲ್ಲಿ ದೀಪ ಇರಬೇಕು. ಆಮೇಲೆ ಪಟ್ಟಣ ಪಂಚಾಯತಿಯ ಪರವಾನಗಿ, ಪೊಲೀಸ್ ಠಾಣೆಯ ಕಾಗದ, ತಾತ್ಕಾಲಿಕ ಕರೆಂಟು. ಅದಾದ ಮೇಲೆ ಲಾರಿಯಲ್ಲಿ ತಗಡು, ಬಿದಿರು, ಪರದೆ. ಕಲಾವಿದರಿಗೆ ಬಾಡಿಗೆ ಮನೆ. ಅಡಿಗೆಯವನಿಗೆ ಕಟ್ಟಿಗೆ. ಹಾನಗಲ್ಲ ಕ್ಯಾಂಪಿನಲ್ಲಿ ಮಳೆ ಹಿಡಿದು ತಗಡಿನ ಮೇಲೆ ಅದು ಬಾರಿಸುವ ಸದ್ದಿಗೆ ಮಾತೇ ಕೇಳದಾದಾಗ, ಅವನು ಪರದೆ ಇಳಿಸಿ, ಮಳೆ ನಿಲ್ಲುವವರೆಗೂ ತಬಲಾದವನನ್ನು ಜನರ ನಡುವೆ ಕೂರಿಸಿ ಬಾರಿಸಲು ಹಚ್ಚಿದ್ದ. ಒಬ್ಬರೂ ಎದ್ದು ಹೋಗಿರಲಿಲ್ಲ. ಸವಣೂರು ಕ್ಯಾಂಪಿನಲ್ಲಿ ಕರೆಂಟು ಹೋಗಿ ಜನರೇಟರೂ ಕೈಕೊಟ್ಟಾಗ, ಹೆಣ್ಣುಮಕ್ಕಳ ಗೇಟು ಮೊದಲು ತೆಗೆಸಿ, ಸಾಲು ಸಾಲಾಗಿ ಎಬ್ಬಿಸಿ, ಒಂದು ಕೂಸೂ ಕೆಳಗೆ ಬೀಳದಂತೆ ಥೇಟರು ಖಾಲಿ ಮಾಡಿಸಿದ್ದ.

ಹೇಳುತ್ತ ಹೇಳುತ್ತ ಅವನ ಮೂಗಿಗೆ ಆ ಹಳೆಯ ವಾಸನೆ ಬಂತು. ಬಣ್ಣದ ಪುಡಿ, ಕೊಬ್ಬರಿ ಎಣ್ಣೆ, ಒದ್ದೆ ಮಣ್ಣು, ಥೇಟರಿನ ಬಾಗಿಲಲ್ಲಿ ಕರಿಯುತ್ತಿದ್ದ ಮಿರ್ಚಿ. ಆಟ ಶುರುವಾಗುವ ಮುಂಚೆ ಮೂರನೆಯ ಗಂಟೆ ಹೊಡೆದಾಗ ಎಷ್ಟೋ ಕಂಠಗಳು ಒಮ್ಮೆಲೇ ಸುಮ್ಮನಾಗುತ್ತಿದ್ದವಲ್ಲ, ಆ ಸುಮ್ಮನಿರುವಿಕೆ ಅವನಿಗೆ ಎಲ್ಲಕ್ಕಿಂತ ಇಷ್ಟ. ಈಗ ಅದು ಎಲ್ಲೂ ಸಿಗುವುದಿಲ್ಲ. ಮೇಜಿನ ಮೇಲಿದ್ದ ಬಾಟಲಿ ಎತ್ತಿಕೊಂಡ. ನೀರು ಕುಡಿದ.

ಸಮತಾ ಟೈಪು ಮಾಡುತ್ತಲೇ ಇದ್ದಳು. ಅವನು ಕಥೆ ಹೇಳಿದರೆ ಅವಳು ಅದನ್ನು ಒಂದು ಸಾಲಿಗೆ ಇಳಿಸುತ್ತಿದ್ದಳು. ‘ಸ್ಥಳ ಆಯ್ಕೆ ಮತ್ತು ಪರವಾನಗಿ: ನಾಲ್ಕೂ ತಾಲೂಕುಗಳಲ್ಲಿ ಸ್ಥಳೀಯ ಸಂಸ್ಥೆ, ಪೊಲೀಸ್ ಮತ್ತು ವಿದ್ಯುತ್ ಕಚೇರಿಗಳೊಂದಿಗೆ ನೇರ ವ್ಯವಹಾರ.’ ‘ತಂಡದ ನಿರ್ವಹಣೆ: ಸುಮಾರು ನಲವತ್ತು ಜನರ ಪ್ರಯಾಣ, ವಸತಿ, ಊಟ.’ ‘ಜನಸಂದಣಿ ನಿರ್ವಹಣೆ.’ ‘ಪ್ರಚಾರ: ಆಟೋ ಘೋಷಣೆ, ಕರಪತ್ರ.’ ಟ್ರಸ್ಟಿನ ಜಾಹೀರಾತನ್ನು ಪಕ್ಕದಲ್ಲೇ ಇಟ್ಟುಕೊಂಡು, ಅವರು ಕೇಳಿದ ಒಂದೊಂದು ಕೆಲಸದ ಎದುರಿಗೂ ಇವನ ಒಂದೊಂದು ಕೆಲಸವನ್ನು ತಂದು ನಿಲ್ಲಿಸುತ್ತಿದ್ದಳು.

“ನೋಡ್ರಿ ಅಣ್ಣಾರ, ಅವ್ರಿಗೆ ನಾಟಕ ಬ್ಯಾಡ. ಆದ್ರ ನಾಟಕ ನಿಂದರಸಾಕ ನೀವು ಏನ ಮಾಡಿದ್ರಿ, ಅದ ಬೇಕು. ಜಾಗಾ, ಕರೆಂಟು, ಮಂದಿ, ಪಾಳಿ. ಅಲ್ಲಿ ಪರದೆ ಏಳತಿತ್ತು, ಇಲ್ಲಿ ಡಾಕ್ಟರ್ ಕುಂಡ್ರತಾರ. ಕ್ಷೇತ್ರ ಬ್ಯಾರೆ, ಕೆಲಸ ಅದ. ಅವ್ರಿಗೆ ಅದು ತಾನ ತಿಳೀಲಿ ಅಂತ ಬಿಡಬಾರದು, ನಾವ ಬರದು ತೋರಸ್ಬೇಕು.”

“ರೋಗಿಗಳನ್ನ ನೋಡಿಕೊಳ್ಳಾಕ ಬರ್ತೈತಿ ಅಂತ ಬರೀಲ್ರಿ?” ಎಂದು ಫಕ್ಕೀರೇಶ ಉತ್ಸಾಹದಲ್ಲಿ ಕೇಳಿ, ಕೇಳಿದ ಕೂಡಲೇ ನಾಲಿಗೆ ಕಚ್ಚಿಕೊಂಡ.

“ಬ್ಯಾಡ. ಕಲೀಲಾರದ್ದು ಬರೀಬಾರದು. ಸಂದರ್ಶನದಾಗ ಒಂದ ಪ್ರಶ್ನಿಗೆ ಬಿದ್ದು ಹೋಗ್ತೈತಿ.” ಹಾಗೆ ಹೇಳಿ ಸಮತಾ ಅವನ ಹಳೆಯ ಹಾಳೆಯ ತುದಿಗೆ ಬಂದಳು. ‘ಸೇವಾವಧಿ: ೨೦೦೬ರಿಂದ ೨೦೨೩ರ ಕೊನೆಯವರೆಗೆ.’ ಅವಳ ಬೆರಳು ಅಲ್ಲೇ ನಿಂತಿತು.

“ಎರಡು ಸಾವಿರದ ಹದಿನೈದರಾಗ ಕ್ಯಾಂಪ್ ಎಲ್ಲೆಲ್ಲಿ ಇತ್ತ್ರಿ?”

“ಚಿಕ್ಕೇರೂರು, ಅಲ್ಲಿಂದ ಹಾನಗಲ್ಲ, ದೀಪಾವಳಿಗೆ ಸವಣೂರ,” ಎಂದ ಫಕ್ಕೀರೇಶ ರೆಪ್ಪೆ ಬಡಿಯದೆ. ಅವನ ಬದುಕಿನ ಲೆಕ್ಕವೇ ಕ್ಯಾಂಪುಗಳ ಮೇಲೆ. ಮಗ ಹುಟ್ಟಿದ್ದು ಹಾನಗಲ್ಲ ಕ್ಯಾಂಪಿನಲ್ಲಿ, ಅವ್ವ ತೀರಿಕೊಂಡದ್ದು ಶಿಗ್ಗಾವಿ ಕ್ಯಾಂಪಿನಲ್ಲಿ.

“ಇಪ್ಪತ್ತೆರಡರಾಗ?”

ಫಕ್ಕೀರೇಶ ಬಾಯಿ ತೆರೆದ. ಒಂದು ಊರಿನ ಹೆಸರೂ ಬರಲಿಲ್ಲ. ಹ್ಯಾಂಡ್‌ಬಿಲ್ಲಿನಲ್ಲಿ ಎಷ್ಟು ಸುಳ್ಳು ಬೇಕಾದರೂ ಹೊಡೆಯುತ್ತಿದ್ದವನಿಗೆ, ನಡೆಯದ ಕ್ಯಾಂಪನ್ನು ನಡೆಯಿತು ಎನ್ನಲು ನಾಲಿಗೆ ಏಳಲಿಲ್ಲ.

“ಅಣ್ಣಾರ, ಕಂಪನಿ ಲಾಕ್‌ಡೌನಿನಾಗ ಮುಚ್ಚಿದ್ದು ನಾಕೂ ತಾಲೂಕಿಗೆ ಗೊತ್ತೈತಿ. ಅವ್ರು ಯಾರನ್ನಾರ ಒಂದ ಮಾತು ಕೇಳಿದ್ರ ಮುಗೀತು. ಈ ಒಂದು ಸಾಲು ಸುಳ್ಳು ಅಂತ ಆತಂದ್ರ ಮ್ಯಾಲಿನ ಖರೇ ಸಾಲುಗಳನ್ನೂ ಯಾರೂ ನಂಬಂಗಿಲ್ಲ. ಮನ್ಯಾಗ ಕುಂತಿದ್ದು ತಪ್ಪಲ್ಲ, ಮುಚ್ಚಿಟ್ಟಿದ್ದು ತಪ್ಪಾಗ್ತೈತಿ. ಆ ಮೂರೂಮುಕ್ಕಾಲು ವರ್ಷ ಏನ ಮಾಡಿದ್ರಿ?”

“ಪರದೇ ಹಿಂದಿನ ಮಾತು ಪರದೇ ಹಿಂದ ಇರ್ಬೇಕ್ರಿ ಮೇಡಮ್ಮಾರ,” ಎಂದು ಫಕ್ಕೀರೇಶ ಎದ್ದೇಬಿಟ್ಟ. “ಹಂಗಾರ ಇದು ಬ್ಯಾಡ ಬಿಡ್ರಿ.”

ಅದು ಕಂಪನಿಯ ಕಟ್ಟಾಜ್ಞೆ. ನಾಯಕ ನಟ ಕುಡಿದು ಬಿದ್ದರೂ, ನಾಯಕಿಗೆ ಜ್ವರ ಬಂದರೂ, ಬಾಗಿಲಲ್ಲಿ ‘ಇಂದು ನಾಟಕ ಇರುವುದಿಲ್ಲ’ ಎಂಬ ಬೋರ್ಡು ಬೀಳುತ್ತಿತ್ತೇ ಹೊರತು, ಯಾಕೆ ಎಂದು ಯಾರೂ ಬಾಯಿ ಬಿಡುತ್ತಿರಲಿಲ್ಲ. ಫಕ್ಕೀರೇಶ ತನ್ನ ಬದುಕಿನ ಆ ವರ್ಷಗಳಿಗೂ ಅಂಥದೇ ಒಂದು ಬೋರ್ಡು ನೇತು ಹಾಕಿದ್ದ.

ಸಮತಾ ಒತ್ತಾಯ ಮಾಡಲಿಲ್ಲ. “ಚಾ ಕುಡದ ಹೋಗ್ರಿ,” ಎಂದಳು. ಕೆಳಗಿನ ಅಂಗಡಿಯಿಂದ ಚಹ ಬಂತು. ಅರ್ಧ ಕಪ್ಪು ಕುಡಿಯುವ ಹೊತ್ತಿಗೆ ಫಕ್ಕೀರೇಶನೇ ಮಾತು ತೆಗೆದ. ಬಹಳ ದಿನ ಒಳಗೇ ಇಟ್ಟುಕೊಂಡದ್ದು, ಕೇಳುವವರು ಸುಮ್ಮನೆ ಕೂತರೆ ತಾನೇ ಬರುತ್ತದೆ.

ಇಪ್ಪತ್ತರ ಮಾರ್ಚಿನಲ್ಲಿ ಕಂಪನಿ ಹಿರೇಕೆರೂರಿನಲ್ಲಿತ್ತು. ಆಟ ನಿಂತಿತು, ಬಸ್ಸುಗಳು ನಿಂತವು. ನಲವತ್ತು ಜನ ತಗಡಿನ ಕೆಳಗೆ ಸಿಕ್ಕಿಬಿದ್ದರು. ಫಕ್ಕೀರೇಶ ಪಾಸು ಮಾಡಿಸಿ, ತರಕಾರಿ ಗಾಡಿ, ಟ್ರ್ಯಾಕ್ಟರು, ಕಾಲು ಹಿಡಿದು ಕೇಳಿದ ಜೀಪು, ಹೀಗೆ ಒಬ್ಬೊಬ್ಬರನ್ನೇ ಅವರವರ ಊರಿಗೆ ಕಳಿಸಿದ. ಕೊನೆಗೆ ಉಳಿದವಳು ಜನ್ನತಬಿ. ಅವಳಿಗೆ ಹೋಗಲು ಊರಿರಲಿಲ್ಲ. ಅವಳು ನಾಟಕಕ್ಕೆ ಸೇರಿದ ದಿನವೇ ಅಣ್ಣತಮ್ಮಂದಿರು ಬಾಗಿಲು ಹಾಕಿದ್ದರು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ವೇದಿಕೆಯ ಮೇಲೆ ಮಾತ್ರ ಅವಳು ಎಲ್ಲರ ತಾಯಿ. ಮಗನನ್ನು ಬಾಗಿಲಲ್ಲಿ ಕಳಿಸಿಕೊಡುವ ಒಂದು ಸೀನಿನಲ್ಲಿ ಅವಳು ಮಾತೇ ಆಡುತ್ತಿರಲಿಲ್ಲ, ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡು ನಿಲ್ಲುತ್ತಿದ್ದಳು ಅಷ್ಟೇ. ಹೆಣ್ಣುಮಕ್ಕಳ ಕಡೆಯಿಂದ ಬಿಕ್ಕುವ ಸದ್ದು ಕೇಳುತ್ತಿತ್ತು.

“ದುಂಡಸಿಗೆ ಕರಕೊಂಡ ಬಂದೆರಿ. ಕಂಪನಿ ಶುರು ಆಗೂಮಟ ಇರ್ಲಿ ಅಂತ. ಕಂಪನಿ ಶುರು ಆಗಲಿಲ್ಲ. ಅದ ವರ್ಷ ಅವರಿಗೆ ಲಕ್ವಾ ಹೊಡೀತು. ಬಲಗಡೆ ಪೂರಾ ಹೋತು. ಎತ್ತೋದು, ಕುಂದ್ರಸೋದು, ತಿನಸೋದು, ಕೈಕಾಲು ಆಡಸೋದು, ನಾನೂ ವಿದ್ಯಾನೂ ಮಾಡಿದ್ವಿ. ಒಂದೊಂದ ಮಾತು ಮಂದಿ ಅಂದ್ರು, ಅವನ್ನ ನಿಮ್ಮ ಮುಂದ ಹೇಳೂ ಹಂಗಿಲ್ಲ. ಮಂದಿ ಮಾತು ಬಿಡ್ರಿ. ಅವರು ನನ್ನ ಕೈ ಹಿಡದು ಒಂದ ಮಾತು ತಗೊಂಡ್ರು. ‘ಫಕ್ಕೀರಾ, ನಾ ಹಿಂಗ ಹಾಸಿಗಿ ಹಿಡದದ್ದು ಯಾರಿಗೂ ಹೇಳಬ್ಯಾಡ. ಮಂದಿ ಕಣ್ಣಾಗ ನಾ ಬಣ್ಣ ಹಚ್ಚಿಕೊಂಡ ಇರ್ಬೇಕು’ ಅಂತ.”

ಅವನು ಕಪ್ಪು ಕೆಳಗಿಟ್ಟ. “ಶುಕ್ರವಾರಕ್ಕೊಮ್ಮೆ ಕನ್ನಡಿ ಬೇಕಂತಿದ್ರು. ನಾನ ಪೌಡರ್ ಹಚ್ಚಿ, ಹುಬ್ಬು ತಿದ್ದತಿದ್ದೆ. ಎಡಗೈಲೆ ಕನ್ನಡಿ ಹಿಡಕೊಂಡು, ‘ಇದು ಸಾಲ್ದು, ಲೈಟಿಗೆ ಕಾಣಂಗಿಲ್ಲ, ಇನ್ನಷ್ಟು ಹಚ್ಚು’ ಅಂತಿದ್ರು. ಇಪ್ಪತ್ಮೂರರ ಕಡೀಕ ಹೋದ್ರು. ಸವಣೂರ ಖಬರಸ್ತಾನದಾಗ ಮಣ್ಣಾತು. ಹೆಂಗ ಬರೀಲ್ರಿ ಇದನ್ನ? ಅವರ ಹೆಸರು ಮಾರಿ ನಾ ಕೆಲಸ ತಗೊಳ್ಳಲ್ಯಾ?”

ಸಮತಾ ಕೀಬೋರ್ಡನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಕಣ್ಣು ಒದ್ದೆಯಾಗಿತ್ತು, ಅದನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಆದರೆ ದನಿ ಮಾತ್ರ ಕೆಲಸದ ದನಿಯೇ.

“ಅಣ್ಣಾರ, ಬಯೋಡಾಟಾಕ ನಿಮ್ಮ ದುಃಖ ಬೇಕಾಗಿಲ್ಲ. ನೀವು ಎಲ್ಲಿದ್ರಿ ಅನ್ನೂದಷ್ಟ ಬೇಕು. ಯಾರು, ಏನ ರೋಗ, ಯಾಕ, ಇವನ್ನ ಬರೀಬೇಕು ಅಂತ ಎಲ್ಲೂ ಕಾನೂನಿಲ್ಲ. ಬರೀಲೂಬಾರದು. ಒಂದು ಸಾಲು, ಯಾವಾಗಿಂದ ಯಾವಾಗಿನಮಟ, ಈಗ ಆ ಜವಾಬ್ದಾರಿ ಮುಗದೈತಿ ಅಂತ ಒಂದು ಮಾತು. ಅಲ್ಲಿಗೆ ಪರದೆ ಇಳಿಸಿಬಿಡೂದು.”

ಅವಳು ಟೈಪು ಮಾಡಿದಳು. ‘ಮಾರ್ಚ್ ೨೦೨೦: ಕೋವಿಡ್ ಕಾರಣ ಸಂಸ್ಥೆ ಸ್ಥಗಿತ. ಸಿಬ್ಬಂದಿಯನ್ನು ಅವರವರ ಊರುಗಳಿಗೆ ಸುರಕ್ಷಿತವಾಗಿ ತಲುಪಿಸುವ ವ್ಯವಸ್ಥೆ ಮಾಡಿದೆ. ೨೦೨೦–೨೦೨೩: ಕುಟುಂಬದ ಹಿರಿಯರೊಬ್ಬರ ಪೂರ್ಣಾವಧಿ ಆರೈಕೆ. ಆ ಹೊಣೆ ಮುಗಿದಿದ್ದು, ಈಗ ಪ್ರವಾಸಕ್ಕೂ ಪೂರ್ಣಾವಧಿ ಕೆಲಸಕ್ಕೂ ಸಿದ್ಧ. ೨೦೨೪ರಿಂದ: ಶಾಮಿಯಾನ ಮತ್ತು ಧ್ವನಿವರ್ಧಕ ಸಂಸ್ಥೆಯಲ್ಲಿ ಕಾರ್ಯಕ್ರಮ ವ್ಯವಸ್ಥೆ.’ ಶಾಮಿಯಾನದ ಕೆಲಸವನ್ನು ಅವನು ನಾಚಿಕೆಗೆ ಬಿಟ್ಟೇಬಿಟ್ಟಿದ್ದ. ಅದು ಇದ್ದರೆ ನೀವು ಮತ್ತೆ ದುಡಿಮೆಗೆ ಇಳಿದಿದ್ದೀರಿ ಎಂದು ಕಾಣುತ್ತದೆ ಎಂದು ಅವಳು ವಾಪಸ್ಸು ತಂದು ಕೂರಿಸಿದಳು.

ಫಕ್ಕೀರೇಶ ಎಲ್ಲವನ್ನೂ ಓದಿ, ಒಂದು ಶಬ್ದದ ಮೇಲೆ ಬೆರಳಿಟ್ಟ. “ಕುಟುಂಬದ ಅಂತ ಐತ್ರಿ. ನಾಳೆ ರೇಷನ್ ಕಾರ್ಡ್ ತೋರಸು ಅಂದ್ರ?”

“ರೇಷನ್ ಕಾರ್ಡ್ ಯಾರೂ ಕೇಳಂಗಿಲ್ಲ. ಆದ್ರ ನಿಮಗ ಒಪ್ಪಿಗಿ ಇಲ್ಲದ ಮಾತು ನಿಮ್ಮ ಬಯೋಡಾಟಾದಾಗ ಇರಬಾರದು.” ಅವಳು ‘ಕುಟುಂಬದ’ ಎಂಬುದನ್ನು ಅಳಿಸಿ ‘ಮನೆಯ’ ಎಂದು ಹೊಡೆದಳು. “ಮನ್ಯಾಗ ಇದ್ರು ಹೌದಲ್ರಿ?”

“ಇದ್ರು,” ಎಂದ ಫಕ್ಕೀರೇಶ. “ನಡಮನ್ಯಾಗ, ಕಿಡಕಿ ಬಾಜೂಕ.”

ಟ್ರಸ್ಟಿನವರು ಕೇಳಿದರೆ ನಿಮ್ಮ ಪರಿಚಯ ಹೇಳುವವರು ಯಾರು ಎಂದಾಗ, ಕಂಪನಿಯ ಮಾಲೀಕರು ತೀರಿಕೊಂಡದ್ದರಿಂದ ಅವನಿಗೆ ಯಾರೂ ಹೊಳೆಯಲಿಲ್ಲ. ಸಮತಾ ಕೆದಕಿ ಕೆದಕಿ, ಹಿರೇಕೆರೂರಿನಲ್ಲಿ ಎಂಟು ಸಲ ಥೇಟರಿಗೆ ತನ್ನ ಬಯಲು ಕೊಟ್ಟಿದ್ದ ಪರಮೇಶಪ್ಪನ ಹೆಸರು ಹೊರಗೆ ತೆಗೆದಳು. ಫೋನು ಮಾಡಿ ಒಪ್ಪಿಗೆ ಕೇಳಿದರೆ ಅತ್ತಲಿಂದ ಮುದುಕ ಕೂಗಿದ, “ಏ ಮ್ಯಾನೇಜರ್, ಬದಕಿಯಲ್ಲೋ! ಹಾಕೋ ನನ್ನ ಹೆಸರು. ಕಂಬ ಕಿತ್ತ ಮ್ಯಾಲೆ ಕುಣಿ ಮುಚ್ಚಿ ಹೋಗಿದ್ದ ಕಂಪನಿ ಅಂದ್ರ ನಿಂದೊಂದ.” ಎರಡು ಪುಟದ ಬಯೋಡಾಟಾ ಸಂಜೆಯೊಳಗೆ ಹೋಯಿತು.

ಹಾನಗಲ್ಲಿನಿಂದ ಕರೆ ಬಂತು. ಫಕ್ಕೀರೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದ. ಟ್ರಸ್ಟಿನ ಕೋಣೆಯಲ್ಲಿ ಡಾಕ್ಟರ್ ಗೌಹರ ಇದ್ದರು, ಸವಣೂರಿನ ಹೆಣ್ಣುಮಗಳು, ಐವತ್ತರ ಆಸುಪಾಸು. ಬಯೋಡಾಟಾದ ಒಂದೊಂದು ಸಾಲಿನ ಮೇಲೆ ಪೆನ್ನಿಟ್ಟು ಕೇಳಿದರು. ಜನ ಬರದಿದ್ದರೆ ಏನು ಮಾಡುತ್ತೀರಿ, ಹೆಚ್ಚಿಗೆ ಬಂದರೆ ಏನು ಮಾಡುತ್ತೀರಿ, ಡಾಕ್ಟರು ತಡವಾಗಿ ಬಂದರೆ ಕಾದವರನ್ನು ಹೇಗೆ ಹಿಡಿದಿಡುತ್ತೀರಿ. ಕೊನೆಯ ಪ್ರಶ್ನೆಗೆ ಫಕ್ಕೀರೇಶ ಹಾನಗಲ್ಲ ಕ್ಯಾಂಪಿನ ಮಳೆಯನ್ನೂ ತಬಲಾದವನನ್ನೂ ಹೇಳಿದ. ಡಾಕ್ಟರು ನಕ್ಕುಬಿಟ್ಟರು.

ಪೆನ್ನು ಕೆಳಗಿಳಿದು ಆ ಸಾಲಿಗೆ ಬಂತು. “ಮನೆಯ ಹಿರಿಯರು ಅಂತ ಬರದೀರಿ. ಯಾರ್ರಿ?”

ಫಕ್ಕೀರೇಶ ಕುರ್ಚಿಯಲ್ಲಿ ನೆಟ್ಟಗೆ ಕೂತ. ಸಮತಾ ಹೇಳಿಕೊಟ್ಟಿದ್ದಳು, ಸುಳ್ಳು ಬೇಡ, ವಿವರವೂ ಬೇಡ. “ಹೆಸರು ಹೇಳಬಾರದು ಅಂತ ಅವರ ಮಾತು ತಗೊಂಡಾರ್ರಿ. ಮನ್ಯಾಗ ನಾವೆಲ್ಲಾ ಅವ್ವ ಅಂತಿದ್ವಿ.”

ಡಾಕ್ಟರು ತಲೆಯಾಡಿಸಿ ಮುಂದಿನ ಸಾಲಿಗೆ ಹೋದರು. ಅಷ್ಟೇ. ಅವನು ವರ್ಷಗಟ್ಟಲೆ ಹೆದರಿಕೊಂಡಿದ್ದ ಪ್ರಶ್ನೆ ಬಂದದ್ದೂ ಗೊತ್ತಾಗದ ಹಾಗೆ ಹೋಯಿತು.

“ಮೊದಲನೇ ಶಿಬಿರ ಹಿರೇಕೆರೂರಾಗ ಐತಿ,” ಎಂದರು ಕೊನೆಗೆ. “ಬರೂ ಸೋಮವಾರ ಹೋಗಿ ಜಾಗಾ ನೋಡ್ಕೊಂಡ ಬರ್ರಿ. ನಿಮಗ ಗೊತ್ತಿದ್ದ ಬಯಲು ಇರಬೇಕಲ್ಲ?”

ಫಕ್ಕೀರೇಶನಿಗೆ ಕೈ ಮುಗಿಯುವುದೂ ಮರೆತುಹೋಯಿತು. ಕಂಪನಿ ನಿಂತುಹೋದ ಊರಿನಿಂದಲೇ ಮತ್ತೆ ಶುರು. ಎದ್ದು ಬಾಗಿಲವರೆಗೂ ಬಂದಿದ್ದ. ಹಿಂದಿನಿಂದ ಡಾಕ್ಟರು ಕರೆದರು.

“ಅಂದಂಗ, ಸಣ್ಣಾಕಿ ಇದ್ದಾಗ ಸವಣೂರಾಗ ನಿಮ್ಮ ಕಂಪನಿ ನಾಟಕ ನೋಡೇನಿ. ನಮ್ಮಮ್ಮ ಬಿಬಿಜಾನ ಮೂರು ಸಲ ಕರಕೊಂಡ ಹೋಗಿದ್ಲು, ಆ ತಾಯಿ ಪಾತ್ರದಾಕಿ ಸಲುವಾಗಿ. ಬಾಗಲದಾಗ ಸೆರಗು ಬೆರಳಿಗೆ ಸುತ್ತಿಕೊಂಡು ನಿಂದರತಿದ್ರಲ್ಲ, ಜನ್ನತಬಿ. ಎಷ್ಟು ಚೆಂದ ಇದ್ರು! ಈಗ ಎಲ್ಲಿ ಅದಾರ್ರಿ ಅವರು?”

ಫಕ್ಕೀರೇಶ ಬಾಗಿಲ ಚೌಕಟ್ಟು ಹಿಡಿದು ನಿಂತ. ನಡುಮನೆಯ ಕಿಟಕಿ, ಎಡಗೈಯ ಕನ್ನಡಿ, ಇನ್ನಷ್ಟು ಹಚ್ಚು ಎನ್ನುವ ತೊದಲು ಮಾತು, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ಸುಳ್ಳು ಬೇಡ, ವಿವರವೂ ಬೇಡ.

“ತೀರಿಕೊಂಡ್ರರಿ ಡಾಕ್ಟ್ರೇ,” ಎಂದ. “ಆದ್ರ ಕಡೀಮಟ ಬಣ್ಣ ಹಚ್ಚಿಕೊಂಡ ಇದ್ರು.”